ಒಳ್ಳೆ ಪ್ರಾಜೆಕ್ಟ್ ಬೇಡ ಅನ್ನುವ ಡಿವಿಷನ್ ಹೆಡ್: ಆರ್‌ಒಐ ಬಿಟ್ಟು ಉಳಿಕೆ ಆದಾಯಕ್ಕೆ ಹೋದವರು ಅನುಭವ ಹೇಳಿ

ಕೇಳಿದವರು (ಹೆಡ್ ಆಫೀಸ್ ಫೈನಾನ್ಸ್, ಬೆಂಗಳೂರು):
ನಮ್ಮದು ವಾಹನಗಳ ಬಿಡಿಭಾಗ ಮಾಡುವ ಕಂಪನಿ. ಮೆಷಿನಿಂಗ್ ಡಿವಿಷನ್‌ನಲ್ಲಿ 40 ಕೋಟಿ ಬಂಡವಾಳ ಇದೆ, ವರ್ಷಕ್ಕೆ 10 ಕೋಟಿ ಲಾಭ. ಅಂದರೆ ಹಾಕಿದ ಬಂಡವಾಳದ ಮೇಲಿನ ಲಾಭ, ಆರ್‌ಒಐ, 25%. ಅಲ್ಲಿನ ಹೆಡ್‌ಗೆ ಬೋನಸ್ ಸಿಗುವುದು ಇದರ ಮೇಲೆಯೇ. 8 ಕೋಟಿ ಹಾಕಿ ಹೊಸ ಸಿಎನ್‌ಸಿ ಲೈನ್ ತಂದರೆ 5 ವರ್ಷ, ವರ್ಷಕ್ಕೆ 2.4 ಕೋಟಿ ನಗದು ಬರುತ್ತದೆ. ಕೊನೆಗೆ ಮೆಷಿನ್ ಮಾರಿ ಏನೂ ಬರುವುದಿಲ್ಲ ಅಂತ ಹಿಡಿದಿದ್ದೇವೆ. ಬಂಡವಾಳದ ವೆಚ್ಚ 13%. ಬರುವ ನಗದನ್ನು ಆ ದರದಲ್ಲಿ ಇಂದಿನ ಬೆಲೆಗೆ ತಂದು ಹಾಕಿದ ಹಣ ಕಳೆದರೆ ಎನ್‌ಪಿವಿ 44 ಲಕ್ಷ. ಆದರೂ ಅವರು ಬೇಡ ಅಂದುಬಿಟ್ಟರು. ಅಳತೆಯನ್ನೇ ಉಳಿಕೆ ಆದಾಯಕ್ಕೆ, ಅಂದರೆ ಲಾಭದಲ್ಲಿ ಬಂಡವಾಳದ ವೆಚ್ಚ ಕಳೆದು ಮಿಕ್ಕಿದ್ದಕ್ಕೆ, ಬದಲಿಸಿದರೆ ಸರಿಹೋಗುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ, ಸಿಎಂಎ, ಕೆಲಸಕ್ಕೆ ಸೇರಿ ಎರಡನೇ ವರ್ಷ:
ಖಂಡಿತ ಸರಿಹೋಗುತ್ತೆ ಮೇಡಂ. ವರ್ಷಕ್ಕೆ 2.4 ಕೋಟಿ ನಗದು, ಅದರಲ್ಲಿ 1.6 ಕೋಟಿ ಸವಕಳಿ ಹೋದರೆ ಲಾಭ 80 ಲಕ್ಷ. ಮೆಷಿನ್‌ನ ಬೆಲೆ 8 ಕೋಟಿಯಿಂದ ಸೊನ್ನೆಗೆ ಇಳಿಯುತ್ತದೆ, ಸರಾಸರಿ 4 ಕೋಟಿ. ಅಂದರೆ 20%. ಇದು 25ಕ್ಕಿಂತ ಕಡಿಮೆ, ಅದಕ್ಕೇ ಅವರು ಬೇಡ ಅಂದಿದ್ದಾರೆ. ಉಳಿಕೆ ಆದಾಯದಲ್ಲಿ ನೋಡಿ: 4 ಕೋಟಿಗೆ 13% ಅಂದರೆ 52 ಲಕ್ಷ. 80ರಲ್ಲಿ ಅದನ್ನು ಕಳೆದರೆ 28 ಲಕ್ಷ ಉಳಿಯುತ್ತೆ. ಅವರಿಗೂ ಲಾಭ, ಕಂಪನಿಗೂ ಲಾಭ. ಅಳತೆ ಬದಲಿಸಿದ ದಿನವೇ ಸಹಿ ಹಾಕುತ್ತಾರೆ.

ತುಮಕೂರಿನಿಂದ, ಸಣ್ಣ ಕೈಗಾರಿಕೆ ನಡೆಸುವವರು:
ನನಗೆ ಇಷ್ಟೆಲ್ಲ ಲೆಕ್ಕ ಯಾಕೆ ಅನ್ನಿಸಿತು. ಬ್ಯಾಂಕ್‌ನವರು 10%ಗೆ ಸಾಲ ಕೊಟ್ಟರೆ ಆ ಬಡ್ಡಿ ಕಟ್ಟಿ ಮಿಕ್ಕಿದ್ದೇ ಉಳಿಕೆ ಅಲ್ವಾ? 13% ಎಲ್ಲಿಂದ ಬಂತು? ನಾನು ಮೆಷಿನ್ ತರುವಾಗ ಕಂತು ಕಟ್ಟೋಕೆ ಆಗುತ್ತಾ ಅಂತ ಮಾತ್ರ ನೋಡುತ್ತೇನೆ.

ಮೈಸೂರಿನಿಂದ, ನಿವೃತ್ತ ಕಾಸ್ಟ್ ಅಕೌಂಟೆಂಟ್:
ತುಮಕೂರಿನವರಿಗೆ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಫ್ಯಾಕ್ಟರಿಯಲ್ಲಿ ನೀವೇ ಮಾಲೀಕರು, ನೀವೇ ಮ್ಯಾನೇಜರ್. ಹಾಗಾಗಿ ನಿಮಗೆ ಈ ಸಮಸ್ಯೆಯೇ ಬರುವುದಿಲ್ಲ. ಆದರೆ ಸಾಲದ ಬಡ್ಡಿ ಮಾತ್ರ ಕಳೆದರೆ ಷೇರುದಾರರ ಹಣ ಬಿಟ್ಟಿ ಬಂತು ಅಂದ ಹಾಗೆ. ಅವರ ಹಣಕ್ಕೂ ಬೆಲೆ ಇದೆ, ಸಾಲದ್ದಕ್ಕಿಂತ ಜಾಸ್ತಿಯೇ ಇದೆ. ಎರಡರ ಪಾಲಿಗೆ ತಕ್ಕಂತೆ ಸರಾಸರಿ ತೆಗೆದಾಗ 13% ಬಂದಿದೆ.

ಇನ್ನು ಹುಬ್ಬಳ್ಳಿಯವರ ಲೆಕ್ಕ. ದಾರಿ ಸರಿಯಾಗಿದೆ, ಆದರೆ ಸರಾಸರಿ ತೆಗೆದ ಕಡೆ ವಿಷಯವೇ ಕಾಣದೆ ಹೋಯಿತು. ಬೋನಸ್ ಅನ್ನು ಯಾರೂ ಸರಾಸರಿಯ ಮೇಲೆ ಕೊಡುವುದಿಲ್ಲ, ಆಯಾ ವರ್ಷದ ಅಂಕಿಯ ಮೇಲೆ ಕೊಡುತ್ತಾರೆ. ವರ್ಷ ವರ್ಷ ಬಿಡಿಸಿ ನೋಡೋಣ.

ಮೊದಲ ವರ್ಷದ ಶುರುವಿನಲ್ಲಿ ಪುಸ್ತಕದಲ್ಲಿ ಮೆಷಿನ್ ಬೆಲೆ 8 ಕೋಟಿ. ಅದರ 13% ಅಂದರೆ 1.04 ಕೋಟಿ. ಲಾಭ 80 ಲಕ್ಷ. ಉಳಿಕೆ ಆದಾಯ ಮೈನಸ್ 24 ಲಕ್ಷ! ಎರಡನೇ ವರ್ಷ ಬೆಲೆ 6.4 ಕೋಟಿಗೆ ಇಳಿದಿರುತ್ತದೆ, ಆಗಲೂ ಮೈನಸ್ 3.2 ಲಕ್ಷ. ಮೂರನೇ ವರ್ಷ 17.6 ಲಕ್ಷ, ನಾಲ್ಕನೇ ವರ್ಷ 38.4, ಐದನೇ ವರ್ಷ 59.2. ಈ ಐದನ್ನೂ 13%ನಲ್ಲಿ ಇಂದಿನ ಬೆಲೆಗೆ ತಂದು ಕೂಡಿಸಿ. ಸರಿಯಾಗಿ 44 ಲಕ್ಷ ಬರುತ್ತದೆ, ನಿಮ್ಮ ಎನ್‌ಪಿವಿಯೇ ಅದು. ಇದು ಕಾಕತಾಳೀಯ ಅಲ್ಲ. ಸವಕಳಿ ಯಾವ ರೀತಿ ಹಾಕಿದರೂ, ಒಟ್ಟು ಹಾಕಿದ ಹಣದಷ್ಟೇ ಕಳೆದರೆ ಹೀಗೇ ಆಗುತ್ತದೆ. ಆರ್‌ಒಐಗೆ ಈ ಗುಣ ಇಲ್ಲ. ಅದಕ್ಕೇ ನಾನು ಉಳಿಕೆ ಆದಾಯದ ಪರ.

ಆದರೆ ಎರಡು ವರ್ಷಕ್ಕೊಮ್ಮೆ ವರ್ಗ ಆಗುವ ಹೆಡ್‌ಗೆ ಐದು ವರ್ಷದ ಮೊತ್ತ ತೆಗೆದುಕೊಂಡು ಏನು ಆಗಬೇಕು? ಅವರ ಪಾಲಿಗೆ ಬರುವುದು ಎರಡು ಮೈನಸ್. ಫಲ ಮುಂದಿನವರಿಗೆ. ಆದ್ದರಿಂದ ಬರೀ ಅಳತೆ ಬದಲಿಸಿದರೆ ಅವರು ಈ ಪ್ರಾಜೆಕ್ಟನ್ನು ಮತ್ತೆ ಬೇಡ ಅನ್ನುತ್ತಾರೆ, ಈ ಸಲ ಹೊಸ ಲೆಕ್ಕ ತೋರಿಸಿ.

ಇದೇ ಅಂಕಿಗಳಲ್ಲಿ ಆರ್‌ಒಐ ಏನು ಮಾಡುತ್ತದೆ ಅಂತಲೂ ನೋಡಿ. ಮೊದಲ ವರ್ಷ 10%. ನಂತರ 12.5, 16.7, 25, ಕೊನೆಗೆ 50%. ಅದೇ ಮೆಷಿನ್, ಅದೇ 80 ಲಕ್ಷ ಲಾಭ. ಹಳೆಯದಾಗಿದ್ದಷ್ಟೇ ಅದರ ಸಾಧನೆ. ಮೇಡಂ, ನಿಮ್ಮ 40 ಕೋಟಿಯಲ್ಲಿ ಮೆಷಿನ್‌ಗಳ ವಯಸ್ಸೆಷ್ಟು ಅಂತ ಆಸ್ತಿ ರಿಜಿಸ್ಟರ್ ತೆಗೆದು ನೋಡಿ. ಕೊಂಡ ಬೆಲೆಯ ಮುಕ್ಕಾಲು ಭಾಗ ಸವೆದಿದ್ದರೆ, ಆ 25% ಬರುತ್ತಿರುವುದು ಹೆಡ್‌ನ ಜಾಣ್ಮೆಗಿಂತ ಹಳೆ ಮೆಷಿನ್‌ನಿಂದಲೇ ಜಾಸ್ತಿ.

ಹೊಸೂರಿನಿಂದ, ಒಂದು ಡಿವಿಷನ್ ನಡೆಸುವವರು:
ನಾನು ಆ ಕಡೆ ಕೂತವನು, ಅದಕ್ಕೇ ಬರೆಯುತ್ತಿದ್ದೇನೆ. ಹೆಡ್ ಆಫೀಸ್‌ನವರು ನಮ್ಮನ್ನು ಸ್ವಾರ್ಥಿಗಳು ಅಂದುಕೊಳ್ಳುತ್ತಾರೆ. 2.4 ಕೋಟಿ ನಗದು ಅಂತ ಯಾರು ಹೇಳಿದ್ದು? ಗ್ರಾಹಕರು ಆರ್ಡರ್ ಕೊಡುತ್ತೇವೆ ಅಂತ ಬಾಯಲ್ಲಿ ಹೇಳಿರುತ್ತಾರೆ, ಮಾರ್ಕೆಟಿಂಗ್‌ನವರು ಅದನ್ನು ಶೀಟ್‌ಗೆ ಹಾಕಿರುತ್ತಾರೆ. ಹೊಸ ಲೈನ್ ಬಂದ ಮೇಲೆ ಫಿಕ್ಸ್ಚರ್ ಸರಿಹೊಂದಿಸಿ, ಪಾರ್ಟ್ ಅಪ್ರೂವಲ್ ಆಗಿ, ಪೂರ್ತಿ ಓಡಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಮೊದಲ ವರ್ಷ ಮುಗಿದಿರುತ್ತದೆ. ಮೈಸೂರು ಸರ್ ಹೇಳಿದ ಮೈನಸ್ 24 ಲಕ್ಷ ನಿಜದಲ್ಲಿ ಇನ್ನೂ ದೊಡ್ಡದಾಗಿರುತ್ತದೆ. ನನ್ನ ಹತ್ತಿರ ಇಂಥ ಫೈಲ್ ಬಂದರೆ ನಾನೂ ಯೋಚಿಸುತ್ತೇನೆ. ಅವರು ಯಾಕೆ ಬೇಡ ಅಂದರು ಅಂತ ಕೂತು ಕೇಳಿದಿರಾ?

ಮಂಗಳೂರಿನಿಂದ, ಅಂಗಡಿ ಸರಪಳಿಯೊಂದರ ಅಕೌಂಟ್ಸ್:
ನಮ್ಮ ಕಡೆ ಸಮಸ್ಯೆ ಬೇರೆ ರೂಪದಲ್ಲಿ ಬಂತು. ನಮ್ಮ ಪ್ರಾದೇಶಿಕ ಮ್ಯಾನೇಜರ್‌ಗಳು ಫ್ರೀಜರ್, ಜನರೇಟರ್ ಏನೇ ಬೇಕಾದರೂ ಕೊಳ್ಳುತ್ತಿರಲಿಲ್ಲ, ಎಲ್ಲ ಲೀಸ್. ಕೊಂಡರೆ ಬಂಡವಾಳ ಏರಿ ಆರ್‌ಒಐ ಬೀಳುತ್ತದೆ. ಲೀಸ್‌ಗೆ ಬಾಡಿಗೆ ಮಾತ್ರ ಖರ್ಚಾಗುತ್ತದೆ, ಬಂಡವಾಳ ಕಾಣುವುದೇ ಇಲ್ಲ. ಲೆಕ್ಕ ಹಾಕಿದರೆ ಲೀಸ್ ದುಬಾರಿ ಇತ್ತು. 2019ರ ಏಪ್ರಿಲ್‌ನಿಂದ ಲೀಸ್ ಲೆಕ್ಕದ ಹೊಸ ಮಾನದಂಡ ಇಂಡ್ ಎಎಸ್ 116 ಬಂದು ಲೀಸ್‌ಗಳೂ ಬ್ಯಾಲೆನ್ಸ್ ಶೀಟ್‌ಗೆ ಏರಿದವು. ಆದರೆ ನಮ್ಮ ಒಳಗಿನ ಎಂಐಎಸ್ ವರದಿ ಹಳೆ ರೀತಿಯಲ್ಲೇ ಇದ್ದದ್ದರಿಂದ ಆಟ ಮುಂದುವರೀತು. ನೀವು ಉಳಿಕೆ ಆದಾಯ ತರುವುದಾದರೆ ಡಿವಿಷನ್ ಬಂಡವಾಳ ಅಂದರೆ ಏನೇನು ಅಂತ ಮೊದಲೇ ಬರೆದಿಡಿ. ಲೀಸ್, ಸ್ಟಾಕ್, ಬಾಕಿ ವಸೂಲಿ ಎಲ್ಲ ಸೇರಬೇಕು.

ಕೇಳಿದವರು:
ಹೊಸೂರು ಸರ್, ಕೇಳಿದ್ದೆ. "ನನ್ನ ಶೀಟ್ ಕೆಡುತ್ತೆ" ಅಂತಷ್ಟೇ ಅಂದರು. ಆರ್ಡರ್ ವಿಷಯ ಎತ್ತಲೇ ಇಲ್ಲ. ಈಗ ಅದನ್ನೂ ಕೇಳುತ್ತೇನೆ. ಮೈಸೂರು ಸರ್, ಮೊದಲೆರಡು ವರ್ಷದ ಮೈನಸ್‌ಗೆ ನೀವು ಏನು ಮಾಡಿದಿರಿ?

ಮೈಸೂರಿನಿಂದ:
ನಾನಿದ್ದ ಕಂಪನಿಯಲ್ಲಿ ಎರಡು ಕೆಲಸ ಮಾಡಿದೆವು. ಒಂದು ಚೆನ್ನಾಗಿ ನಡೆಯಿತು. ಇನ್ನೊಂದರ ಬಗ್ಗೆ ಜಗಳ ಕೊನೆವರೆಗೂ ನಿಲ್ಲಲಿಲ್ಲ.

ಮೊದಲನೆಯದು ಸವಕಳಿ. ಕಂಪನಿಯ ಪುಸ್ತಕದಲ್ಲಿ ಪ್ರತಿ ವರ್ಷ ಸಮ ಕಂತಿನ ಸವಕಳಿ ಇರಲಿ, ಅದನ್ನು ಮುಟ್ಟಬೇಡಿ. ಡಿವಿಷನ್ ಅಳೆಯುವ ಶೀಟ್‌ನಲ್ಲಿ ಮಾತ್ರ ಗೃಹ ಸಾಲದ ಇಎಂಐ ಥರ ಹಾಕಿ. 8 ಕೋಟಿಗೆ 13%ನಲ್ಲಿ 5 ವರ್ಷದ ಇಎಂಐ ವರ್ಷಕ್ಕೆ ಸುಮಾರು 2.27 ಕೋಟಿ. ಅದರಲ್ಲಿ ಮೊದಲ ವರ್ಷ 1.04 ಕೋಟಿ ಬಂಡವಾಳದ ಬೆಲೆ, ಉಳಿದ 1.23 ಕೋಟಿ ಸವಕಳಿ. ಕೊನೆಯ ವರ್ಷಕ್ಕೆ ಸವಕಳಿ 2.01 ಕೋಟಿಗೆ ಏರುತ್ತದೆ. ಆಗ 2.4 ಕೋಟಿ ನಗದಿನಲ್ಲಿ ಪ್ರತಿ ವರ್ಷ ಸುಮಾರು 12.5 ಲಕ್ಷ ಉಳಿಕೆ ಆದಾಯ. ಮೈನಸ್ ಇಲ್ಲ, ಕೊನೆಯಲ್ಲಿ ಧಾರಾಳವೂ ಇಲ್ಲ. ಎರಡು ವರ್ಷ ಇರುವವರಿಗೂ ಅವರ ಪಾಲು ಸಿಗುತ್ತದೆ.

ಇದರ ಮಿತಿಯೂ ಇದೆ. ನಗದು ಪ್ರತಿ ವರ್ಷ ಒಂದೇ ಥರ ಬಂದರೆ ಮಾತ್ರ ಹೀಗೆ ಸಮ ಬರುತ್ತದೆ. ಹೊಸೂರಿನವರು ಹೇಳಿದಂತೆ ಮೊದಲ ವರ್ಷ ಲೈನ್ ಅರ್ಧ ಓಡಿದರೆ ಮತ್ತೆ ಮೈನಸ್. ಅಂಥ ಕಡೆ ಪ್ರಾಜೆಕ್ಟ್ ಒಪ್ಪುವಾಗಲೇ ವರ್ಷ ವರ್ಷದ ಉಳಿಕೆ ಆದಾಯ ಬರೆದು ಸಹಿ ಮಾಡಿಸಿಕೊಳ್ಳುತ್ತಿದ್ದೆವು. ಮೊದಲ ವರ್ಷ ಮೈನಸ್ 40 ಲಕ್ಷ ಅಂತ ಒಪ್ಪಿದ್ದರೆ, ಮೈನಸ್ 35 ಬಂದಾಗ ಅದು ಒಳ್ಳೆ ಸಾಧನೆ ಅಂತಲೇ ಲೆಕ್ಕ. ಹೊಸೂರು ಸರ್, ಶೀಟ್‌ನಲ್ಲಿ ಸಕ್ಕರೆ ಬೆರೆಸಿದ ಮಾರ್ಕೆಟಿಂಗ್‌ನವರ ಸಹಿಯೂ ಅಲ್ಲೇ ಇರುತ್ತಿತ್ತು.

ಜಗಳ ಇದ್ದದ್ದು ಬೋನಸ್ ತಡೆಹಿಡಿಯುವ ವಿಷಯಕ್ಕೆ. ಈ ವರ್ಷ ಬಂದ ಬೋನಸ್‌ನ ಮೂರನೇ ಒಂದು ಭಾಗ ಕೈಗೆ ಕೊಟ್ಟು, ಉಳಿದದ್ದನ್ನು ಖಾತೆಯಲ್ಲಿಟ್ಟು, ಮುಂದೆ ಉಳಿಕೆ ಆದಾಯ ಬಿದ್ದರೆ ಅದರಿಂದ ಕಳೆಯುವುದು. ಸಲಹಾ ಸಂಸ್ಥೆ ಸ್ಟರ್ನ್ ಸ್ಟೀವರ್ಟ್‌ನವರು ಇವಿಎ ಹೆಸರಿನಲ್ಲಿ ಇದನ್ನೇ ಜನಪ್ರಿಯ ಮಾಡಿದರು. ಇವಿಎ ಕೂಡ ಉಳಿಕೆ ಆದಾಯವೇ, ಲೆಕ್ಕಪತ್ರದ ಕೆಲವು ಅಂಕಿಗಳನ್ನು ತಿದ್ದಿರುತ್ತಾರೆ ಅಷ್ಟೇ. ಆದರೆ ವರ್ಗವಾಗಿ ಹೋದವರ ಖಾತೆಯನ್ನು ಏನು ಮಾಡಬೇಕು, ಅವರ ನಂತರ ಬಂದವರು ಕೆಡಿಸಿದರೆ ಹಿಂದಿನವರಿಗೆ ಏಕೆ ಕಡಿತ, ಅನ್ನುವ ಪ್ರಶ್ನೆಗೆ ನಮ್ಮಲ್ಲಿ ಒಪ್ಪಿಗೆ ಸಿಗಲಿಲ್ಲ.

ಹುಬ್ಬಳ್ಳಿಯಿಂದ:
ಸರಾಸರಿ ಬೇಡ ಅನ್ನುವುದು ಗೊತ್ತಾಯಿತು, ಧನ್ಯವಾದ ಸರ್. ಆದರೆ ಒಂದು ಸಂದೇಹ. ಆರ್‌ಒಐ ಇಷ್ಟು ಕೆಟ್ಟದಾಗಿದ್ದರೆ ಎಲ್ಲರೂ ಯಾಕೆ ಇಟ್ಟುಕೊಂಡಿದ್ದಾರೆ?

ಮೈಸೂರಿನಿಂದ:
ಕೆಟ್ಟದಲ್ಲ, ಅದಕ್ಕೆ ಬೇರೆ ಕೆಲಸ ಇದೆ. 1910ರ ದಶಕದಲ್ಲಿ ಡುಪಾಂಟ್‌ನ ಡೊನಾಲ್ಡ್‌ಸನ್ ಬ್ರೌನ್ ಅದನ್ನು ಮಾರಾಟದ ಮೇಲಿನ ಲಾಭ ಮತ್ತು ಬಂಡವಾಳದ ವಹಿವಾಟು ಅಂತ ಎರಡಾಗಿ ಬಿಡಿಸಿದರು. ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಇಂದಿಗೂ ಅದು ಒಳ್ಳೆ ಸಾಧನ. ಜನರಲ್ ಎಲೆಕ್ಟ್ರಿಕ್‌ನವರು 1950ರ ದಶಕದಲ್ಲಿ ಡಿವಿಷನ್ ಅಳೆಯಲು ಉಳಿಕೆ ಆದಾಯಕ್ಕೆ ಹೋದರು. ಆದರೆ 40 ಕೋಟಿಯ ಡಿವಿಷನ್‌ನ ಉಳಿಕೆ ಆದಾಯವನ್ನು 400 ಕೋಟಿಯದಕ್ಕೆ ಹೋಲಿಸಬೇಡಿ, ದೊಡ್ಡದೇ ಗೆಲ್ಲುತ್ತದೆ. ಅದೇ ಡಿವಿಷನ್‌ನ ಕಳೆದ ವರ್ಷಕ್ಕೆ ಹೋಲಿಸಿ.

ಇನ್ನೊಂದು ಕಡೆಯ ಅಪಾಯವನ್ನೂ ನೋಡಿ. ಪಕ್ಕದ ಫೌಂಡ್ರಿಯ ಆರ್‌ಒಐ 9% ಇದ್ದರೆ, 11% ಕೊಡುವ ಪ್ರಾಜೆಕ್ಟ್ ಅವರ ಸರಾಸರಿಯನ್ನು ಏರಿಸುತ್ತದೆ. ಖುಷಿಯಾಗಿ ತರುತ್ತಾರೆ. ನಿಮ್ಮ 13%ಗೆ ಅದು ನಷ್ಟ. ಒಳ್ಳೆಯದನ್ನು ಬಿಡುವುದು ಒಂದು ಕಡೆ, ಕೆಟ್ಟದ್ದನ್ನು ತರುವುದು ಇನ್ನೊಂದು ಕಡೆ, ಎರಡಕ್ಕೂ ಕಾರಣ ಒಂದೇ.

ಹೊಸೂರಿನಿಂದ:
ಎಲ್ಲ ಡಿವಿಷನ್‌ಗೂ ಒಂದೇ 13% ಅನ್ನುವುದನ್ನು ನಾನು ಒಪ್ಪುವುದಿಲ್ಲ. ರಕ್ಷಣಾ ಇಲಾಖೆಯ ಖಾತ್ರಿ ಆರ್ಡರ್ ಇರುವವರಿಗೂ, ಒಬ್ಬನೇ ಗ್ರಾಹಕನನ್ನು ನಂಬಿದವರಿಗೂ ಒಂದೇ ದರವಾ?

ಮೈಸೂರಿನಿಂದ:
ಬೇರೆ ಇರಬೇಕು ಅನ್ನುವುದೇ ಸರಿ. ಆದರೆ ದರವನ್ನು ಡಿವಿಷನ್‌ವಾರು ಮಾಡಿದರೆ ಪ್ರತಿ ಬಜೆಟ್ ಸಭೆಯಲ್ಲೂ ಅದರದೇ ಚೌಕಾಸಿ ನಡೆಯುತ್ತದೆ. ನಾವು ಎರಡು ದರಕ್ಕಿಂತ ಹೆಚ್ಚು ಇಡಲಿಲ್ಲ. ಇದು ನನಗೂ ಪೂರ್ತಿ ಸಮಾಧಾನ ಕೊಟ್ಟ ಪರಿಹಾರ ಅಲ್ಲ.

ಮೇಡಂ, ಅಳತೆ ಬದಲಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಳೆದ ಕೆಲವು ವರ್ಷಗಳಲ್ಲಿ ಆ ಡಿವಿಷನ್‌ನಿಂದ ಬಂದ ಎಲ್ಲ ಪ್ರಸ್ತಾವನೆಗಳನ್ನು ಐಆರ್‌ಆರ್, ಅಂದರೆ ಎನ್‌ಪಿವಿ ಸೊನ್ನೆಯಾಗುವ ದರದ ಪ್ರಕಾರ ಸಾಲಾಗಿ ಜೋಡಿಸಿ. ನಿಮ್ಮ ಈ ಸಿಎನ್‌ಸಿ ಲೈನ್ ಸುಮಾರು 15% ಇದೆ. 13ಕ್ಕೂ 25ಕ್ಕೂ ನಡುವೆ ಅವರಿಂದ ಬೇರೆ ಒಂದೂ ಇಲ್ಲ ಅಂದರೆ, ಅಂಥವು ಪ್ಲಾಂಟ್‌ನ ಕಪಾಟಿನಲ್ಲೇ ಉಳಿದಿವೆ ಅಂತ ಅರ್ಥ. ಹೆಡ್ ಆಫೀಸ್‌ಗೆ ತಿರಸ್ಕಾರ ಕಾಣುವುದೇ ಅಪರೂಪ. ಪ್ಲಾಂಟ್‌ನ ಎಂಜಿನಿಯರ್‌ಗಳನ್ನು ಕೇಳಿದರೆ ಹಳೆ ಫೈಲ್‌ಗಳು ಹೊರಬರುತ್ತವೆ.

ಕೇಳಿದವರು:
ಪಟ್ಟಿ ಈಗಷ್ಟೇ ತೆಗೆದೆ. ಸಿಎನ್‌ಸಿ ಲೈನ್ ನಮ್ಮ ಕಡೆಯಿಂದಲೇ ಹೊರಟದ್ದು, ಅವರು ಕಳಿಸಿದ್ದಲ್ಲ. ಅವರು ಕಳಿಸಿದ್ದರಲ್ಲಿ ಅತಿ ಕಡಿಮೆ ಐಆರ್‌ಆರ್ 27%. ಸೋಮವಾರ ಪ್ಲಾಂಟ್‌ಗೆ ಹೋಗುತ್ತಿದ್ದೇನೆ, ಆಸ್ತಿ ರಿಜಿಸ್ಟರ್ ಕೂಡ ತೆಗೆದುಕೊಂಡು. ಆರ್ಡರ್ ಬಗ್ಗೆ ಹೆಡ್ ಹತ್ತಿರ ನೇರ ಮಾತಾಡಿ ಇಲ್ಲೇ ಬರೆಯುತ್ತೇನೆ.