ಅಪ್‌ಡೇಟ್: ಹೋಲ್ ಟೇಬಲ್‌ನಲ್ಲಿ ಥ್ರೆಡ್ ವಿವರ ಕೊನೆಗೂ ಬಂತು

ನಾನು ಕೇಳಿದ್ದು: “SolidWorks ಡ್ರಾಯಿಂಗ್‌ನಲ್ಲಿ ಪ್ಲೇಟಿನ ನಾಲ್ಕು M6 ಥ್ರೆಡ್ ರಂಧ್ರಗಳು ಹೋಲ್ ಟೇಬಲ್‌ನಲ್ಲಿ ಬರೀ Ø5 ಎಂದು ಬರುತ್ತಿವೆ, ಏಕೆ?”

ಮಾಡೆಲ್‌ನಲ್ಲಿ ನಾನು ವೃತ್ತ ಬರೆದು ಕಟ್ ಮಾಡಿದ್ದರಿಂದ, ಸಾಫ್ಟ್‌ವೇರ್‌ಗೆ ಟ್ಯಾಪ್ ಡ್ರಿಲ್‌ನ 5 ಮಿ.ಮೀ. ವ್ಯಾಸ ಬಿಟ್ಟರೆ ಬೇರೇನೂ ತಿಳಿದಿರಲಿಲ್ಲ. ಇಲ್ಲಿನ ಉತ್ತರಗಳಲ್ಲಿ ಸೂಚಿಸಿದಂತೆ ಆ ರಂಧ್ರಗಳನ್ನು ಅಳಿಸಿ, `Hole Wizard` ಮೂಲಕ ಟ್ಯಾಪ್ ರಂಧ್ರಗಳಾಗಿ ಮತ್ತೆ ರಚಿಸಿ, ಟೇಬಲನ್ನು ಹೊಸದಾಗಿ ಸೇರಿಸಿದಾಗ ಥ್ರೆಡ್ ಮತ್ತು ಆಳ ಎರಡೂ ತಾವಾಗಿಯೇ ಬಂದವು. ಕೌಂಟರ್‌ಬೋರ್ ರಂಧ್ರಗಳನ್ನೂ ಹಾಗೆಯೇ ಬದಲಿಸಿದೆ. ಈಗ ಅವುಗಳ ಕಾಲ್‌ಔಟ್ ಹೀಗಿದೆ:

```
2X Ø6.6 THRU
⌴ Ø11 ↧ 6.5
```

ಟೇಬಲ್‌ನಲ್ಲಿ ಕೈಯಿಂದಲೇ M6 ಎಂದು ಬರೆಯುವ ಸಲಹೆ ಮಾತ್ರ ಕೈಕೊಟ್ಟಿತು: ಪ್ರಯೋಗಕ್ಕೆಂದು ಮಾಡೆಲ್‌ನಲ್ಲಿ ರಂಧ್ರವನ್ನು M8ಕ್ಕೆ ಬದಲಿಸಿದರೂ ಆ ಬರಹ M6 ಆಗಿಯೇ ಉಳಿಯಿತು.

ನನಗೆ ಅಚ್ಚರಿಯಾದದ್ದು ಟೇಬಲ್‌ನ X, Y ಅಳತೆಗಳು ಶುರುವಾಗುವ ಮೂಲಬಿಂದುವಿನ ವಿಷಯ. ದುಂಡಾಗಿಸಿದ ಮೂಲೆಯಲ್ಲಿ ಹಿಡಿಯಲು ಬಿಂದುವೇ ಇರಲಿಲ್ಲ. ಎರಡು ನೇರ ಅಂಚುಗಳನ್ನು ಅಕ್ಷಗಳಾಗಿ ಆರಿಸಿದ ಮೇಲೆಯೇ X, Y ಅಳತೆಗಳು ಸರಿಯಾಗಿ ಬಂದವು.