ಪದಚರ್ಚೆ: ಕಾರವಾಜ್ಜೊ ಚಿತ್ರಕ್ಕೆ ‘ನೆರಳು-ಬೆಳಕು’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ಚಿತ್ರಕಲೆಗೆ ಹೊಸಬರಾದವರಿಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಇಟಲಿಯ ಚಿತ್ರಕಾರ ಕಾರವಾಜ್ಜೊ 1599-1600ರಲ್ಲಿ ರೋಮ್‌ನ ಒಂದು ಚರ್ಚಿಗೆ ಬರೆದ ‘ಸಂತ ಮತ್ತಾಯನಿಗೆ ಕರೆ’ ಚಿತ್ರದ ಬಗ್ಗೆ. ತೆರಿಗೆ ವಸೂಲಿಗಾರ ಮತ್ತಾಯನನ್ನು ಯೇಸು ತನ್ನ ಶಿಷ್ಯನಾಗಲು ಕರೆಯುವ ಕ್ಷಣ ಅದು. ಕಿಯಾರೊಸ್ಕುರೊ ಅನ್ನುವುದಕ್ಕೆ ‘ನೆರಳು-ಬೆಳಕು’ ಅಂತ ಹಾಕಿದ್ದೇನೆ. ಆದರೆ ಇದೇ ಚಿತ್ರಕ್ಕೆ ಟೆನೆಬ್ರಿಸಂ ಅಂತಲೂ ಹೇಳುತ್ತಾರೆ. ಎರಡೂ ಒಂದೇನಾ?

ಉತ್ತರ 1
ಒಂದೇ, ತಲೆ ಕೆಡಿಸಿಕೊಳ್ಳಬೇಡಿ. ಯೇಸುವಿನಿಂದ ಬೆಳಕು ಹೊರಟು ಎಲ್ಲರ ಮೇಲೆ ಬೀಳುತ್ತದೆ. ‘ದಿವ್ಯಪ್ರಭೆ’ ಅನ್ನಿ, ಚೆನ್ನಾಗಿರುತ್ತದೆ.

ಉತ್ತರ 2
ಬೆಳಕು ಯೇಸುವಿನಿಂದ ಹೊರಡುವುದಿಲ್ಲ ಸರ್. ಚಿತ್ರದ ಬಲತುದಿ ನೋಡಿ. ಬೆಳಕು ಬರುವುದು ಅವನ ತಲೆಯ ಮೇಲಿಂದ, ಚೌಕಟ್ಟಿನ ಆಚೆಯಿಂದ. ಅವನ ಮುಖವೇ ಅರ್ಧ ಕತ್ತಲಲ್ಲಿದೆ. ಗೋಡೆಯಲ್ಲಿ ಕಿಟಕಿ ಇದೆ, ಆದರೆ ಅದು ಮಂಕು, ಬೆಳಕೇ ಕೊಡುವುದಿಲ್ಲ. ತಲೆಯ ಸುತ್ತ ಇರುವ ಪ್ರಭಾವಳಿ ಬರೀ ತೆಳು ಗೆರೆ.

ಕಿಯಾರೊಸ್ಕುರೊ ಹಳೆಯದು, ಲಿಯೊನಾರ್ಡೊ ಡ ವಿಂಚಿಯಲ್ಲೂ ಉಂಟು. ಬೆಳಕಿನಿಂದ ಕತ್ತಲಿಗೆ ಮೆಲ್ಲಗೆ ಇಳಿದು ಕೆನ್ನೆಯನ್ನು ದುಂಡಗೆ ಕಾಣಿಸುವುದು ಅದರ ಕೆಲಸ. ಅದಕ್ಕೆ ನಿಮ್ಮ ‘ನೆರಳು-ಬೆಳಕು’ ಸಾಕು. ಟೆನೆಬ್ರಿಸಂನಲ್ಲಿ ಕತ್ತಲೆ ಚಿತ್ರದ ಬಹುಪಾಲನ್ನು ನುಂಗುತ್ತದೆ. ಉಳಿದಲ್ಲಿ ಒಂದೇ ಕಡೆಯಿಂದ ಬಂದ ಬೆಳಕು ಕೆಲವೇ ಮುಖ, ಕೈಗಳನ್ನು ಎತ್ತಿ ತೋರಿಸುತ್ತದೆ.

ಇಲ್ಲಿ ಯೇಸುವಿನ ಚಾಚಿದ ಕೈ ಮತ್ತು ಬೆಳಕಿನ ಓರೆ ಗೆರೆ ಎರಡೂ ಒಂದೇ ದಿಕ್ಕಿಗೆ ಹೋಗುತ್ತವೆ. ಮೇಜಿನ ಸುತ್ತ ಐದು ಜನ. ಕೆಲವರು ತಿರುಗಿ ನೋಡಿದ್ದಾರೆ. ಎಡತುದಿಯ ಹುಡುಗ ತಲೆ ಎತ್ತದೆ ಕಾಸು ಎಣಿಸುತ್ತಿದ್ದಾನೆ, ಬೆಳಕು ಅವನ ಮೇಲೂ ಬಿದ್ದಿದೆ. ಕರೆ ಬಂತು, ಇನ್ನೂ ಯಾರೂ ಎದ್ದಿಲ್ಲ. ಆ ತಳಮಳವೇ ಚಿತ್ರ. ಇನ್ನೊಂದು ಮಾತು: ಚಿತ್ರ ಇರುವುದು ಪ್ರಾರ್ಥನಾ ಕೋಣೆಯ ಎಡಗೋಡೆಯಲ್ಲಿ, ನಿಜವಾದ ಕಿಟಕಿ ಇರುವುದು ಬಲಿಪೀಠದ ಮೇಲೆ. ಅಂದರೆ ಬರೆದ ಬೆಳಕೂ ನಿಜವಾದ ಬೆಳಕೂ ಒಂದೇ ಕಡೆಯಿಂದ ಬರುತ್ತವೆ.

ಉತ್ತರ 3
ನಮ್ಮ ನಾಟಕದಲ್ಲೂ ಒಮ್ಮೆ ಒಂದೇ ಸ್ಪಾಟ್‌ಲೈಟ್ ಹಾಕಿದ್ವಿ. ಮುಖ ಕಾಣಲಿಲ್ಲ ಅಂತ ಜನ ಬೈದರು. ಸ್ಪಾಟ್‌ಲೈಟಿಗೆ ಕನ್ನಡ ಪದ ಕೇಳುತ್ತಿದ್ದೀರಾ? ಮತ್ತೆ, ಹಳೇ ಚರ್ಚ್ ಚಿತ್ರಗಳು ಸುಮಾರಾಗಿ ಕಪ್ಪಗೇ ಇರುತ್ತವಲ್ಲ, ಅವೆಲ್ಲ ಟೆನೆಬ್ರಿಸಂ ಅಲ್ವಾ?

ಉತ್ತರ 2, ಮತ್ತೆ
ಅಲ್ಲ. ವಾರ್ನಿಶ್ ಹಳತಾದರೆ ಬೆಳಕಿನ ಜಾಗವೂ ಹಳದಿ-ಕಂದಾಗುತ್ತದೆ, ಚಿತ್ರ ಪೂರ್ತಿ ಮಂಕಾಗುತ್ತದೆ. ಟೆನೆಬ್ರಿಸಂನಲ್ಲಿ ಬೆಳಕಿನ ಅಂಚು ಗಟ್ಟಿ, ದಿಕ್ಕು ಸ್ಪಷ್ಟ. ನಾನಾದರೆ ‘ಗಾಢಗತ್ತಲ ಶೈಲಿ’ ಅನ್ನುತ್ತೇನೆ.

ಉತ್ತರ 4
ಅದು ಬಾಯಿಗೆ ಬರಲ್ಲ ಮೇಡಂ. ಟೆನೆಬ್ರಿಸಂ ಅಂತಲೇ ಇರಲಿ.

ಕೇಳಿದವರು
ಪದ ಆಮೇಲೆ ನೋಡೋಣ. ಚಿತ್ರದ ಕೆಳಗೆ ‘ಮತ್ತಾಯ’ ಅಂತ ಬಾಣದ ಗುರುತು ಹಾಕಬೇಕು. ಮೇಜಿನ ಬಳಿ ಕೂತ ಗಡ್ಡದವನಿಗಾ, ಎಡತುದಿಯ ಹುಡುಗನಿಗಾ?

ಉತ್ತರ 2
ಹೆಚ್ಚಿನವರು ಗಡ್ಡದವನೇ ಅನ್ನುತ್ತಾರೆ, ಬೆರಳು ತನ್ನತ್ತ ತೋರಿಸಿಕೊಂಡು ‘ನಾನಾ?’ ಅಂತಿದ್ದಾನೆ ಅಂತ. ಬೆರಳು ಇರುವುದು ಹುಡುಗನ ಕಡೆಗೆ ಅನ್ನುವವರೂ ಇದ್ದಾರೆ. ಬಾಣ ಬೇಡ.