ವರ್ಷದ ಮಧ್ಯೆ ನಿಯಮ ಬದಲಿಸಿ ಬೋನಸ್ ತಡೆದಿದ್ದಾರೆ, ಅನುಭವ ಇದ್ದವರು ಹೇಳಿ

ಕೇಳಿದವರು: ಆಫರ್ ಲೆಟರ್‌ನಲ್ಲಿ ವರ್ಷದ ಸಂಬಳದ 12% ಪರ್ಫಾರ್ಮೆನ್ಸ್ ಬೋನಸ್ ಅಂತ ಇದೆ. ರೇಟಿಂಗ್ 3 ಬಂದರೆ ಸಾಕಿತ್ತು. ಬೋನಸ್ ವರ್ಷದ ಏಳು ತಿಂಗಳು ಮುಗಿದ ಮೇಲೆ ಒಂದು ಮೇಲ್ ಬಂತು: ರೇಟಿಂಗ್ 4 ಇರಬೇಕು, ಇದು ಇಡೀ ವರ್ಷಕ್ಕೆ ಅನ್ವಯ. ನನಗೆ 3 ಬಂದಿದೆ, ಬೋನಸ್ ಸೊನ್ನೆ. ಎಚ್‌ಆರ್ ಕೇಳಿದರೆ "ಅದು ಕಂಪನಿಯ ವಿವೇಚನೆ" ಅಂತಾರೆ. ಏನು ಮಾಡಲಿ?

ಮೊದಲ ಉತ್ತರ: ಆಫರ್ ಲೆಟರ್‌ನಲ್ಲಿ ಇದೆ ಅಂದ ಮೇಲೆ ಕೊಡಲೇಬೇಕು. ಮಾತುಕತೆ ಯಾಕೆ, ನೇರವಾಗಿ ವಕೀಲರ ಕೈಲಿ ನೋಟಿಸ್ ಕೊಡಿಸಿ.

ಎಚ್‌ಆರ್‌ನಲ್ಲಿ ತುಂಬ ವರ್ಷ ಇದ್ದವರು: ಅಷ್ಟು ಸುಲಭ ಇಲ್ಲ. ಆ ಲೆಟರ್‌ನ ವಾಕ್ಯವನ್ನು ಪೂರ್ತಿ ಓದಿ. "ಬೋನಸ್ ಕೊಡಲಾಗುವುದು" ಅಂತಿದೆಯೋ, "ಬೋನಸ್‌ಗೆ ಅರ್ಹರಾಗಬಹುದು" ಅಂತಿದೆಯೋ? "ಕಾಲಕಾಲಕ್ಕೆ ಬದಲಾಗುವ ಪಾಲಿಸಿಯ ಪ್ರಕಾರ" ಅಂತ ಸೇರಿಸಿದ್ದಾರೋ? ಎರಡನೆಯ ಬಗೆ ಇದ್ದರೆ ನಿಯಮ ಬದಲಿಸುವ ಹಕ್ಕು ಅವರಿಗೆ ಇದೆ ಅಂತ ವಾದಿಸುತ್ತಾರೆ.

ಆದರೆ ಮುಂದಕ್ಕೆ ಬದಲಿಸುವುದು ಬೇರೆ, ಮುಗಿದುಹೋದ ತಿಂಗಳುಗಳಿಗೂ ಹೊಸ ನಿಯಮ ಹಾಕುವುದು ಬೇರೆ. ನಿಮ್ಮ ಬಲ ಇರುವುದು ಇಲ್ಲೇ. ಮೊದಲ ಏಳು ತಿಂಗಳು ನೀವು ಹಳೇ ನಿಯಮ ನಂಬಿ ದುಡಿದಿದ್ದೀರಿ. ಆ ದುಡಿಮೆಯನ್ನು ಕಂಪನಿ ತೆಗೆದುಕೊಂಡಾಗಿದೆ.

ಹಾಗಾಗಿ ಪತ್ರದಲ್ಲಿ ಎರಡು ಬೇಡಿಕೆ ಇಡಿ. ಮೊದಲನೆಯದು, ಹಳೇ ನಿಯಮದಂತೆ ಪೂರ್ತಿ 12%. ಅದು ಆಗದಿದ್ದರೆ ಕನಿಷ್ಠ ಹಳೇ ನಿಯಮ ಜಾರಿಯಲ್ಲಿದ್ದ ಏಳು ತಿಂಗಳ ಪಾಲು. 12ರಲ್ಲಿ ಏಳು ತಿಂಗಳಿಗೆ 7% ಆಗುತ್ತದೆ. ಸುಮ್ನೆ "ಅನ್ಯಾಯ" ಅಂತ ಬರೆದರೆ ಇಲ್ಲ ಅನ್ನುವುದು ಸುಲಭ. ಲೆಕ್ಕ ಮುಂದಿಟ್ಟರೆ ಯಾಕೆ ಇಲ್ಲ ಅಂತ ಕಾರಣ ಬರೆಯಬೇಕಾಗುತ್ತದೆ. ನಾನು ನೋಡಿದ ಕೇಸ್‌ಗಳಲ್ಲಿ ರಾಜಿ ಆಗಿದ್ದು ಹೆಚ್ಚಾಗಿ ಈ ಎರಡನೇ ಬೇಡಿಕೆಯ ಹತ್ತಿರವೇ.

"ವಿವೇಚನೆ" ಅಂದ ಮಾತ್ರಕ್ಕೆ ಸುಮ್ಮನಾಗಬೇಡಿ. ಯಾರು ತೀರ್ಮಾನಿಸಿದರು, ಯಾವ ಆಧಾರದ ಮೇಲೆ, ರೇಟಿಂಗ್ 3 ಬಂದ ಬೇರೆ ಯಾರಿಗಾದರೂ ಕೊಟ್ಟಿದ್ದಾರಾ, ಈ ಮೂರನ್ನು ಬರಹದಲ್ಲಿ ಕೇಳಿ. ಮನಸ್ಸಿಗೆ ಬಂದಂತೆ ಮಾಡುವುದಕ್ಕೂ ವಿವೇಚನೆಗೂ ವ್ಯತ್ಯಾಸ ಇದೆ ಅಂತ ಎಷ್ಟೋ ಕಡೆ ಕೋರ್ಟುಗಳು ಹೇಳಿವೆ.

ಇನ್ನೊಂದು ಮಾತು. ಪಾಲಿಸಿಯ ಹಳೇ ಪ್ರತಿ ಬೇಕು ಅಂತ ಆಫೀಸ್ ಫೈಲುಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಆಮೇಲೆ ಬೋನಸ್ ವಿಷಯ ಬಿಟ್ಟು ಗೌಪ್ಯತೆ ಮುರಿದಿರಿ ಅಂತ ನಿಮ್ಮ ಮೇಲೇ ಕ್ರಮ ಶುರುವಾಗುತ್ತದೆ. ವರ್ಷದ ಆರಂಭದಲ್ಲಿ ಜಾರಿಯಲ್ಲಿದ್ದ ಪ್ರತಿ ಕೊಡಿ ಅಂತ ಎಚ್‌ಆರ್‌ಗೇ ಮೇಲ್ ಮಾಡಿ. ಕೊಡದಿದ್ದರೂ, ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ.

ಮೂರನೆಯವರು: ನನಗೂ ಹೀಗೇ ಆಯಿತು. ವರ್ಷ ಪೂರ್ತಿ ಕೆಲಸ ಮಾಡಿ ರಾಜೀನಾಮೆ ಕೊಟ್ಟೆ. ಬೋನಸ್ ಕೊಡುವ ದಿನ ನೀವು ನೌಕರಿಯಲ್ಲಿ ಇರಲಿಲ್ಲ ಅಂತ ತಡೆದರು. ಕೊನೇ ಲೆಕ್ಕ ಚುಕ್ತಾ ಮಾಡುವಾಗ "ಇನ್ನು ಯಾವ ಬಾಕಿಯೂ ಇಲ್ಲ" ಅನ್ನುವ ಕಾಗದಕ್ಕೆ ಸಹಿ ಬೇರೆ ತೆಗೆದುಕೊಂಡರು.

ಎಚ್‌ಆರ್‌ನಲ್ಲಿದ್ದವರು: ನಿಮ್ಮದು ಬೇರೆ ಷರತ್ತು. ಆ ಷರತ್ತು ಮೊದಲಿಂದಲೂ ಪಾಲಿಸಿಯಲ್ಲಿ ಇತ್ತಾ ಅಂತ ನೋಡಬೇಕು, ಇದ್ದರೆ ಕಷ್ಟ. ಆದರೆ ಆ ಕಾಗದದ ಮಾತು ಕೇಳಿದವರಿಗೂ ಬೇಕು. ವಿವಾದ ಮುಗಿಯುವ ಮೊದಲೇ ಕೆಲಸ ಬಿಟ್ಟರೆ, ಸಹಿ ಹಾಕುವ ಮುಂಚೆ "ಬೋನಸ್ ಬೇಡಿಕೆ ಹೊರತುಪಡಿಸಿ" ಅಂತ ಬರೆಯಿರಿ.

ಕೇಳಿದವರು: ಥ್ಯಾಂಕ್ಸ್. ಲೆಟರ್ ನೋಡಿದೆ, "ಪಾಲಿಸಿಯ ಪ್ರಕಾರ ಕೊಡಲಾಗುವುದು" ಅಂತಿದೆ. "ಕಾಲಕಾಲಕ್ಕೆ" ಅನ್ನುವ ಪದ ಇಲ್ಲ. ಆದರೆ ಹೊಸ ನಿಯಮ ಬಂದಾಗ ಪೋರ್ಟಲ್‌ನಲ್ಲಿ "ಓದಿದ್ದೇನೆ" ಅನ್ನುವ ಬಟನ್ ಒತ್ತದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಅದು ಒಪ್ಪಿಗೆ ಆಗಿಬಿಡುತ್ತಾ?

ಎಚ್‌ಆರ್‌ನಲ್ಲಿದ್ದವರು: "ಪಾಲಿಸಿಯ ಪ್ರಕಾರ ಕೊಡಲಾಗುವುದು" ಅನ್ನುವುದು ನಿಮಗೆ ಒಳ್ಳೆಯ ವಾಕ್ಯ. ಇನ್ನು ಬಟನ್ ವಿಷಯ: ಓದಿದ್ದೇನೆ ಅನ್ನುವುದು ಒಪ್ಪಿದ್ದೇನೆ ಅಂತ ಅಲ್ಲ. ಹಾಗಂತ ಇನ್ನೂ ತಡ ಮಾಡಬೇಡಿ. ತಕರಾರಿಲ್ಲದೆ ತಿಂಗಳುಗಟ್ಟಲೆ ಕೆಲಸ ಮುಂದುವರಿಸಿದರೆ ಒಪ್ಪಿದಂತೆಯೇ ಅಂತ ವಾದ ಹುಟ್ಟುತ್ತದೆ. "ಬಟನ್ ಒತ್ತಿದ್ದು ಓದಿದ್ದಕ್ಕೆ ಮಾತ್ರ, ಹಿಂದಿನ ತಿಂಗಳುಗಳಿಗೆ ಈ ಬದಲಾವಣೆಯನ್ನು ನಾನು ಒಪ್ಪಿಲ್ಲ" ಅಂತ ಇವತ್ತೇ ಬರೆಯಿರಿ. ದೂರು ಕೊಡಲು ಕಾನೂನಿನ ಗಡುವು ಒಂದೊಂದು ಕಡೆ ಒಂದೊಂದು ಥರ, ಕೆಲವು ಕಡೆ ತೀರಾ ಕಡಿಮೆ. ಎಚ್‌ಆರ್ ಉತ್ತರಕ್ಕೆ ಕಾಯುತ್ತಿದ್ದೆ ಅಂದರೆ ಆ ಗಡುವು ನಿಲ್ಲುವುದಿಲ್ಲ.

ಮೊದಲ ಉತ್ತರದವರು: ಓದಿದ್ದು ಒಪ್ಪಿಗೆ ಅಲ್ಲ ಅಂತ ಅಷ್ಟು ಧೈರ್ಯವಾಗಿ ಹೇಳಬೇಡಿ. ನಮ್ಮಲ್ಲಿ ಅದೇ ಬಟನ್ ತೋರಿಸಿ ಇಡೀ ಟೀಮ್‌ನ ಬಾಯಿ ಮುಚ್ಚಿಸಿದರು.

ಎಚ್‌ಆರ್‌ನಲ್ಲಿದ್ದವರು: ನಿಮ್ಮಲ್ಲಿ ಬಟನ್ ಮೇಲೆ ಏನು ಬರೆದಿತ್ತು? "ಓದಿದ್ದೇನೆ" ಅಂತಲೋ, "ಒಪ್ಪುತ್ತೇನೆ" ಅಂತಲೋ?